ಪಿಟೀಲು ಕರ್ನಾಟಕ ಸಂಗೀತಕ್ಕೆ ಒಗ್ಗಿದ ಬಗೆ

ಯುರೋಪಿನಿಂದ ಬಂದ ಪಿಟೀಲು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಅನಿವಾರ್ಯ ಪಕ್ಕವಾದ್ಯವಾಗಿ ನಿಂತು ನೂರೈವತ್ತು ವರ್ಷಕ್ಕೂ ಮೇಲಾಯಿತು. ಈ ಅವಧಿಯಲ್ಲಿ ವಾದ್ಯದ ಮರ, ಕುದುರೆ, ಬಿರಡೆ, ಕಮಾನು ಯಾವುದೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬದಲಾದದ್ದು ಅದನ್ನು ಹಿಡಿಯುವ ರೀತಿ, ತಂತಿಗಳ ಶ್ರುತಿ ಮತ್ತು ನುಡಿಸುವವರ ಎರಡು ಕೈಗಳ ಕೆಲಸ. ಈ ಮೂರೂ ಬದಲಾಗಲು ಇದ್ದ ಕಾರಣ ಒಂದೇ, ಗಮಕ.

ವಾದ್ಯ ಬಂದ ದಾರಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಮೂಲಕ ಹಾದು ಬರುತ್ತದೆ. ಮುತ್ತುಸ್ವಾಮಿ ದೀಕ್ಷಿತರ ಮನೆತನ ಮದರಾಸಿನ ಹತ್ತಿರದ ಮಣಲಿಯಲ್ಲಿ ಅಲ್ಲಿನ ಮುದಲಿಯಾರ್ ಜಮೀನ್ದಾರರ ಆಶ್ರಯದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಡನಾಟವಿದ್ದ ಆ ಮನೆಯವರ ದೆಸೆಯಿಂದ ದೀಕ್ಷಿತ ಸಹೋದರರಿಗೆ ಕೋಟೆಯ ಬ್ಯಾಂಡಿನವರ ಸಂಗೀತ ಕೇಳುವ ಅವಕಾಶ ಸಿಕ್ಕಿತು. ದೀಕ್ಷಿತರು ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಇಂದಿಗೂ ಮಕ್ಕಳಿಗೆ ಹೇಳಿಕೊಡುವ ನೋಟ್ಟುಸ್ವರಗಳು ಅವೇ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಧಾಟಿಗಿಂತ ವಾದ್ಯದ ಬೆನ್ನು ಹತ್ತಿದರು. ಯುರೋಪಿನ ವಾದಕನೊಬ್ಬನಿಂದ ಕೆಲವು ವರ್ಷ ಪಾಠ ಹೇಳಿಸಿಕೊಂಡು, ಆಮೇಲೆ ಅದೇ ಪಿಟೀಲಿನಲ್ಲಿ ತಮ್ಮ ಮನೆಯ ಸಂಗೀತವನ್ನೇ ನುಡಿಸತೊಡಗಿದರು. ಮುಂದೆ ಎಟ್ಟಯಾಪುರದ ಆಸ್ಥಾನದಲ್ಲಿ ವಿದ್ವಾಂಸರಾದರು.

ಅವರೊಬ್ಬರಿಂದಲೇ ಎಲ್ಲವೂ ಆಯಿತೆನ್ನುವಂತಿಲ್ಲ. ತಂಜಾವೂರಿನ ಸರಫೋಜಿಯ ಆಸ್ಥಾನದಲ್ಲೂ ಪಾಶ್ಚಾತ್ಯ ವಾದ್ಯಗಳ ಬಳಕೆಯಿತ್ತು. ಅಲ್ಲಿನ ವರಾಹಪ್ಪಯ್ಯರ್ ಪಿಟೀಲು ಕಲಿತವರಲ್ಲಿ ಒಬ್ಬರು. ತಂಜಾವೂರು ಸಹೋದರರು ಎಂದೇ ಹೆಸರಾದ ನಾಲ್ವರಲ್ಲಿ ಕಿರಿಯರಾದ ವಡಿವೇಲು ಈ ವಾದ್ಯವನ್ನು ತಿರುವಾಂಕೂರಿಗೆ ಒಯ್ದರು. ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲನ್ನು ಉಡುಗೊರೆಯಾಗಿ ಕೊಟ್ಟರೆಂಬುದು ಪ್ರಸಿದ್ಧ. ಹೀಗೆ ಎರಡು ಮೂರು ಕಡೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೇರೂರಿದ್ದರಿಂದ, 19ನೇ ಶತಮಾನ ಮುಗಿಯುವ ಹೊತ್ತಿಗೆ ತಿರುಕ್ಕೋಡಿಕಾವಲ್ ಕೃಷ್ಣಯ್ಯರ್ ಅವರಂಥ ಪಿಟೀಲು ವಿದ್ವಾಂಸರು ಗಾಯಕರಷ್ಟೇ ಹೆಸರು ಮಾಡಿದ್ದರು.

ಅದಕ್ಕೂ ಮೊದಲು ಹಾಡುಗಾರಿಕೆಗೆ ಶ್ರುತಿಯ ಜೊತೆ ಸ್ವರವನ್ನೂ ಒದಗಿಸುತ್ತಿದ್ದ ವಾದ್ಯ ವೀಣೆ. ಗಮಕದಲ್ಲಿ ವೀಣೆಗೆ ಸಾಟಿಯಿಲ್ಲ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಮೀಟಿನಲ್ಲಿ ಮೂರು ನಾಲ್ಕು ಸ್ವರ ಬರುತ್ತವೆ. ಆದರೆ ಮೀಟಿದ ನಾದ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸುತ್ತ ಹೋಗುತ್ತದೆ. ಗಾಯಕ ತಾರಷಡ್ಜದಲ್ಲಿ ಉಸಿರು ಹಿಡಿದು ನಿಂತಾಗ ವೀಣೆ ಮತ್ತೆ ಮತ್ತೆ ಮೀಟಬೇಕು; ಕಮಾನಿಗೆ ಆ ತೊಂದರೆಯಿಲ್ಲ. ಗಾಯಕ ಉಸಿರು ತೆಗೆದುಕೊಳ್ಳುವಾಗಲೂ ಪಿಟೀಲು ಕೊನೆಯ ಸ್ವರವನ್ನು ಹಿಡಿದು ನಿಲ್ಲಬಲ್ಲದು. ಮೆಟ್ಟಿಲೇ ಇಲ್ಲದ್ದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಎಲ್ಲೂ ಕಡಿಯದೆ ಹೋಗಬಹುದು. ಈ ಎರಡು ಗುಣಗಳ ಬೆಲೆ ಹಾರ್ಮೋನಿಯಂ ಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೆ ತಿಳಿಯುತ್ತದೆ. ಅದೂ ಯುರೋಪಿನ ವಾದ್ಯವೇ, ನಾದವನ್ನು ಬೇಕಾದಷ್ಟು ಹೊತ್ತು ಹಿಡಿಯಬಲ್ಲದು, ಕಲಿಯುವುದು ಪಿಟೀಲಿಗಿಂತ ಸುಲಭ. ಆದರೂ ಎರಡು ಮನೆಗಳ ನಡುವಿನ ದಾರಿ ಅದಕ್ಕಿಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿದಾಗ ಹೇಳಿದ ದೋಷಗಳಲ್ಲಿ ಇದೂ ಒಂದು.

ಶ್ರುತಿ ಮತ್ತು ಕೂರುವ ಭಂಗಿ

ಪಾಶ್ಚಾತ್ಯ ಪಿಟೀಲಿನ ನಾಲ್ಕು ತಂತಿಗಳು ಒಂದಕ್ಕೊಂದು ಷಡ್ಜ–ಪಂಚಮದ ಅಂತರದಲ್ಲಿರುತ್ತವೆ. ಕೆಳಗಿನ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಎರಡನೆಯದು ಪಂಚಮ, ಮೂರನೆಯದು ರಿಷಭ, ನಾಲ್ಕನೆಯದು ಧೈವತ ಆಗುತ್ತದೆ. ತಂಬೂರಿಯ ಶ್ರುತಿಯಲ್ಲಿ ನಿಂತ ಸಂಗೀತಕ್ಕೆ ಈ ಏರ್ಪಾಡು ಹೊಂದುವುದಿಲ್ಲ. ಆದ್ದರಿಂದ ಇಲ್ಲಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು ಕಟ್ಟಿಕೊಳ್ಳುತ್ತಾರೆ. ಇದರ ಲಾಭ ಎರಡು ಬಗೆಯದು. ಮೇಲಿನ ಜೋಡಿ ತಂತಿಗಳ ಮೇಲೆ ಬೆರಳು ಎಲ್ಲಿ ಬೀಳುತ್ತದೋ ಕೆಳಗಿನ ಜೋಡಿಯ ಮೇಲೂ ಅಲ್ಲೇ ಬೀಳುತ್ತದೆ, ಸ್ಥಾಯಿ ಮಾತ್ರ ಬೇರೆ. ಎರಡನೆಯದಾಗಿ, ಬೆರಳಿಡದೆ ನುಡಿಸುವ ಬಿಡಿ ತಂತಿಗೆ ಗಮಕ ಕೊಡಲಾಗದು. ಅಂಥ ನಾಲ್ಕೂ ತಂತಿಗಳು ಷಡ್ಜ ಪಂಚಮಗಳೆಂಬ ಅಚಲ ಸ್ವರಗಳಿಗೇ ಬಂದುಬಿಡುತ್ತವೆ.

ಶ್ರುತಿ ಗಾಯಕರದ್ದು, ಪಿಟೀಲಿನವರದ್ದಲ್ಲ. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆ ಶ್ರುತಿಯಲ್ಲಿ, ಹೆಂಗಸರು ಐದರಿಂದ ಆರು ಮನೆ ಶ್ರುತಿಯಲ್ಲಿ ಹಾಡುತ್ತಾರೆ. ಐದು ಮನೆಗೆ ಶ್ರುತಿ ಮಾಡುವಾಗ ವಾದ್ಯದ ಕೆಳಗಿನ ಎರಡು ತಂತಿಗಳು ಪಾಶ್ಚಾತ್ಯ ಶ್ರುತಿಯಲ್ಲೇ ಉಳಿಯುತ್ತವೆ, ಮೇಲಿನ ಎರಡನ್ನು ಒಂದು ಸ್ವರದಷ್ಟು ಇಳಿಸಿದರೆ ಸಾಕು. ಎರಡು ಮನೆಗೆ ಮಾಡುವಾಗ ಮಾತ್ರ ನಾಲ್ಕೂ ತಂತಿಗಳನ್ನು ನಾಲ್ಕೈದು ಸ್ವರ ಕೆಳಕ್ಕೆ ತರಬೇಕಾಗುತ್ತದೆ. ಹಾಗೆ ಸಡಿಲಾದ ತಂತಿ ಬೆರಳಿಗೆ ಮೆತ್ತಗಿರುತ್ತದೆ, ಜಾರಲು ಸುಲಭ, ನಾದವೂ ಗಂಟಲಿನ ದನಿಗೆ ಹತ್ತಿರ. ತೊಡಕು ಬರುವುದು ಕಮಾನಿನ ಕಡೆಯಿಂದ. ಸಡಿಲ ತಂತಿಯ ಮೇಲೆ ಕಮಾನನ್ನು ಒತ್ತಿ ಎಳೆದರೆ ಸ್ವರ ತುಸು ಏರುತ್ತದೆ; ಬೆರಳು ಸರಿಯಾದ ಜಾಗದಲ್ಲಿದ್ದರೂ ಶ್ರುತಿ ಸೇರುವುದಿಲ್ಲ. ಗಂಡು ದನಿಗೆ ಪಿಟೀಲು ನುಡಿಸುವವರು ಜೋರು ಬೇಕೆಂದಾಗ ಕಮಾನಿನ ವೇಗ ಹೆಚ್ಚಿಸಬೇಕೇ ಹೊರತು ಭಾರ ಹಾಕಬಾರದು.

ಭಂಗಿಯ ಬದಲಾವಣೆ ಇನ್ನೂ ಮುಖ್ಯ. ಪಾಶ್ಚಾತ್ಯ ವಾದಕ ವಾದ್ಯವನ್ನು ಹೆಗಲು ಮತ್ತು ಗದ್ದದ ನಡುವೆ ಹಿಡಿಯುತ್ತಾನೆ. ವಾದ್ಯದ ಕತ್ತಿಗೆ ಎಡಗೈಯ ಆಸರೆಯೂ ಸ್ವಲ್ಪ ಬೇಕು. ಕರ್ನಾಟಕ ಸಂಗೀತದವರು ಚಕ್ಕಂಬಕ್ಕಳ ಹಾಕಿ ಕೂತು, ವಾದ್ಯದ ಸುರುಳಿ ತುದಿಯನ್ನು ಬಲಪಾದದ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಎಡ ಹೆಗಲು ಮತ್ತು ಎದೆಗೆ ಆನಿಸುತ್ತಾರೆ. ಎರಡೂ ತುದಿ ಭದ್ರವಾದ್ದರಿಂದ ಎಡಗೈ ಹೊರೆ ಹೊರುವುದೇ ಇಲ್ಲ. ಹೆಬ್ಬೆರಳು ಕತ್ತನ್ನು ಗಟ್ಟಿಯಾಗಿ ಹಿಡಿಯಬೇಕಾಗಿಲ್ಲ, ಕೈ ತಂತಿಯುದ್ದಕ್ಕೂ ಮೇಲೆ ಕೆಳಗೆ ಓಡಬಲ್ಲದು. ನೆಲದ ಮೇಲೆ ಕೂತು ಹಾಡುವ ಪದ್ಧತಿಗೆ ಹೊಂದಿಸಲು ಈ ಭಂಗಿ ಬಂತೆಂದು ಮೇಲುನೋಟಕ್ಕೆ ಅನಿಸುತ್ತದೆ. ಅದು ನಿಜವೇ ಇರಬಹುದು. ಆದರೆ ಅದು ಉಳಿದುಕೊಂಡದ್ದು ಎಡಗೈಗೆ ಸಿಕ್ಕ ಬಿಡುವಿನಿಂದ.

ತೋಡಿಯ ಗಾಂಧಾರ

ಗಮಕಗಳಿಗೆ ಹಲವು ಹೆಸರುಗಳಿವೆ. 1904ರಲ್ಲಿ ಎಟ್ಟಯಾಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ ಕಂಪಿತ, ಸ್ಫುರಿತ, ಜಾರು, ನೊಕ್ಕು ಮೊದಲಾದವುಗಳಿಗೆ ಒಂದೊಂದು ಗುರುತು ಕೊಟ್ಟು, ಅವುಗಳನ್ನು ವೀಣೆಯ ಮೇಲೆ ತರುವ ಬಗೆಯನ್ನು ವಿವರಿಸುತ್ತದೆ. ಈ ಸುಬ್ಬರಾಮ ದೀಕ್ಷಿತರು ಬೇರೆ ಯಾರೂ ಅಲ್ಲ, ಪಿಟೀಲು ಹಿಡಿದ ಬಾಲುಸ್ವಾಮಿಗಳ ಮಗಳ ಮಗ ಮತ್ತು ದತ್ತುಪುತ್ರ. ಪಿಟೀಲಿನ ಮನೆಯಲ್ಲಿ ಹುಟ್ಟಿದ ಗ್ರಂಥಕ್ಕೂ ಗಮಕದ ಅಳತೆಗೋಲು ವೀಣೆಯೇ ಆಗಿತ್ತು. ವೀಣೆಯ ಎಳೆತವನ್ನೂ ಗಂಟಲಿನ ಓಲಾಟವನ್ನೂ ತಮ್ಮ ತಂತಿಯ ಮೇಲೆ ಹೇಗೆ ತರಬೇಕೆಂಬುದನ್ನು ಪಿಟೀಲಿನವರು ತಾವೇ ಕಂಡುಕೊಳ್ಳಬೇಕಾಯಿತು.

ಅದು ಎಂಥ ಕೆಲಸವೆಂದು ತಿಳಿಯಲು ತೋಡಿ ರಾಗದ ಗಾಂಧಾರವೊಂದನ್ನೇ ಬಿಡಿಸಿ ನೋಡಬಹುದು. ಬರಹದಲ್ಲಿ ಅದು ಸಾಧಾರಣ ಗಾಂಧಾರ. ಖರಹರಪ್ರಿಯದ ಗಾಂಧಾರವೂ ಅದೇ ಸ್ಥಾನದ್ದು. ಆದರೆ ಆ ಸ್ಥಾನದಲ್ಲಿ ಬೆರಳಿಟ್ಟು ಕಮಾನು ಎಳೆದರೆ ತೋಡಿ ಕೇಳುವುದಿಲ್ಲ. ತೋಡಿಯಲ್ಲಿ ಗಾಂಧಾರ ತನ್ನ ಸ್ಥಾನದಲ್ಲಿ ನಿಲ್ಲುವುದೇ ಅಪರೂಪ. ಅದು ಶುದ್ಧ ರಿಷಭದ ಆಸುಪಾಸಿನಿಂದ ಎದ್ದು ಶುದ್ಧ ಮಧ್ಯಮದ ಕಡೆಗೆ ತೂಗಿ ಮತ್ತೆ ಇಳಿಯುತ್ತದೆ. ಈ ತೂಗಾಟವೇ ಕಿವಿಗೆ ಗಾಂಧಾರವಾಗಿ ಕೇಳುತ್ತದೆ.

ಪಿಟೀಲಿನ ತಂತಿಯ ನುಡಿಯುವ ಭಾಗ ಸುಮಾರು 33 ಸೆಂಟಿಮೀಟರ್. ಮಧ್ಯ ಷಡ್ಜದ ತಂತಿಯ ಮೇಲೆ ಶುದ್ಧ ರಿಷಭ ಸಿಗುವುದು ಮೇಲ್ತುದಿಯಿಂದ ಸುಮಾರು 2 ಸೆಂ.ಮೀ. ದೂರದಲ್ಲಿ, ಸಾಧಾರಣ ಗಾಂಧಾರ 5ರ ಹತ್ತಿರ, ಶುದ್ಧ ಮಧ್ಯಮ 8ರ ಹತ್ತಿರ. ಅಂದರೆ ತೋಡಿಯ ಗಾಂಧಾರವನ್ನು ಪೂರ್ತಿಯಾಗಿ ತೂಗಲು ಬೆರಳು ಸುಮಾರು 6 ಸೆಂ.ಮೀ. ಹೋಗಿ ಬರಬೇಕು. ಪಾಶ್ಚಾತ್ಯ ಪದ್ಧತಿಯಲ್ಲಾದರೆ ಈ ಅಂತರದಲ್ಲಿ ಮೂರು ಬೆರಳು ಬೇರೆ ಬೇರೆ ಸ್ವರಕ್ಕೆ ಕಾವಲು ನಿಂತಿರುತ್ತವೆ. ಇಲ್ಲಿ ಒಂದೇ ಬೆರಳು, ಹೆಚ್ಚಾಗಿ ತೋರುಬೆರಳು ಅಥವಾ ನಡುಬೆರಳು, ತಂತಿಯನ್ನು ಬಿಡದೆ ಇಡೀ ದೂರವನ್ನು ಜಾರಿ ಹೋಗುತ್ತದೆ. ಬೆರಳು ಮಾತ್ರ ಚಲಿಸಿದರೆ ಸಾಲದು, ಮುಂಗೈಯೂ ಜೊತೆಗೆ ಹೋಗಬೇಕು; ಭಂಗಿ ಕೊಟ್ಟ ಬಿಡುವು ಉಪಯೋಗಕ್ಕೆ ಬರುವುದು ಇಲ್ಲಿಯೇ. ಬೆರಳು ತೊಡರದಿರಲೆಂದು ತುದಿಗೆ ತುಸು ಎಣ್ಣೆ ಸವರಿಕೊಳ್ಳುವವರೂ ಇದ್ದಾರೆ.

ಇದೇ ಗಾಂಧಾರ ತಾರಸ್ಥಾಯಿಯಲ್ಲಿ ಬಂದಾಗ ಪಂಚಮದ ತಂತಿಯ ಮೇಲೆ ನುಡಿಸಬೇಕು. ಅಲ್ಲಿ ರಿಷಭದಿಂದ ಮಧ್ಯಮಕ್ಕೆ 5 ಸೆಂ.ಮೀ.ಗಿಂತ ತುಸು ಕಡಿಮೆ ದೂರ. ಕೆಳಗೆ ಮಾಡಿದಷ್ಟೇ ದೊಡ್ಡದಾಗಿ ಅಲ್ಲಿ ಕೈ ಬೀಸಿದರೆ ಸ್ವರ ಮಧ್ಯಮವನ್ನು ದಾಟಿ ಹೋಗುತ್ತದೆ. ತಂತಿಯ ಕೆಳಗಿನ ಹಲಗೆಯ ಮೇಲೆ ಯಾವ ಗುರುತೂ ಇಲ್ಲ, ಕಿವಿಯೇ ಎಲ್ಲೆ.

ಕಾಲ ಬದಲಾದರೆ ಗಮಕದ ಅಳತೆಯೂ ಬದಲಾಗುತ್ತದೆ. ವಿಳಂಬದಲ್ಲಿ ಗಾಂಧಾರಕ್ಕೆ ಎರಡು ಮೂರು ತೂಗು ಹಿಡಿಸುತ್ತವೆ. ಮಧ್ಯಮ ಕಾಲದಲ್ಲಿ ಒಂದು. ದ್ರುತದಲ್ಲಿ ಮಧ್ಯಮದ ಕಡೆಯಿಂದ ಸ್ವರವನ್ನು ಒಮ್ಮೆ ತಟ್ಟಿ ಇಳಿದರೆ ಮುಗಿಯಿತು. ವೇಗ ಹೆಚ್ಚಾದಾಗಲೂ ಪೂರ್ತಿ ತೂಗಲು ಹೊರಟವರ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಕಲಸಿಹೋಗುತ್ತವೆ.

ಪಾಶ್ಚಾತ್ಯ ಪಿಟೀಲಿನಲ್ಲೂ ಬೆರಳನ್ನು ನಡುಗಿಸುವ ವೈಬ್ರಾಟೋ ಎಂಬ ಕ್ರಮವಿದೆ. ಅದನ್ನು ಕಂಪಿತವೆಂದು ತಿಳಿಯುವವರುಂಟು. ವೈಬ್ರಾಟೋದಲ್ಲಿ ಸ್ವರ ತನ್ನ ಸ್ಥಾನದ ಸುತ್ತ ಅತಿ ಸಣ್ಣ ಅಂತರದಲ್ಲಿ, ಒಂದೇ ಸಮನೆ ಅಲುಗುತ್ತದೆ. ಅದು ನಾದಕ್ಕೆ ಕೊಟ್ಟ ಮೆರುಗು, ತೆಗೆದುಹಾಕಿದರೂ ಸ್ವರ ಹಾಗೇ ಇರುತ್ತದೆ. ಕಂಪಿತವನ್ನು ತೆಗೆದರೆ ತೋಡಿಯೇ ಇರುವುದಿಲ್ಲ. ಕೇಳುವವರು ಇವೆರಡನ್ನೂ ಸುಲಭವಾಗಿ ಬೇರ್ಪಡಿಸಬಹುದು: ಗಾಂಧಾರದಲ್ಲಿ ರಿಷಭ ಮಧ್ಯಮಗಳ ಸುಳಿವು ಸಿಕ್ಕರೆ ಅದು ಗಮಕ, ಬರೀ ನಡುಕ ಕೇಳಿದರೆ ಅಲ್ಲ.

ಎಲ್ಲ ಗಮಕಕ್ಕೂ ಜಾರುವುದೇ ಉತ್ತರವಲ್ಲ. ಜಂಟಿ ವರಸೆಯಲ್ಲಿ ಬರುವ ಸ್ಫುರಿತದಲ್ಲಿ ಜೋಡಿ ಸ್ವರದ ಎರಡನೆಯದಕ್ಕೆ ಕೆಳಗಿನ ಸ್ವರದಿಂದ ಒಂದು ಪೆಟ್ಟು ಬೇಕು. ರಿಷಭದ ಜೋಡಿಯಲ್ಲಿ ತೋರುಬೆರಳನ್ನು ಕ್ಷಣಮಾತ್ರ ಎತ್ತಿ, ಷಡ್ಜದ ಬಿಡಿ ತಂತಿ ಮಿಂಚಿದ ಕೂಡಲೇ ಮತ್ತೆ ತಟ್ಟಿದರೆ ಅದು ಬರುತ್ತದೆ. ಪಂಚಮದ ಜೋಡಿ ಬಂದಾಗ ಕಲಿಯುವವರು ತಡವರಿಸುತ್ತಾರೆ. ಪಂಚಮ ಬಿಡಿ ತಂತಿ, ಅದಕ್ಕಿಂತ ಕೆಳಗಿನ ಮಧ್ಯಮ ಆ ತಂತಿಯಲ್ಲೇ ಇಲ್ಲ. ಪರಿಹಾರವೆಂದರೆ ಪಂಚಮವನ್ನು ಪಕ್ಕದ ಷಡ್ಜದ ತಂತಿಗೆ ಒಯ್ದು, ಮಧ್ಯಮದಿಂದ ಅಲ್ಲಿಯೇ ಬೆರಳು ಏರಿಸುವುದು. ನಿಷಾದದಿಂದ ಜಾರಿ ಮಧ್ಯ ಷಡ್ಜ ಸೇರುವಾಗಲೂ ಹೀಗೆಯೇ. ಬಿಡಿ ತಂತಿಯ ಷಡ್ಜವನ್ನು ಬಿಟ್ಟು ಮಂದ್ರ ಪಂಚಮದ ತಂತಿಯ ಮೇಲೆ ಷಡ್ಜವನ್ನು ಹಿಡಿಯುತ್ತಾರೆ. ಒಂದೇ ಸ್ವರಕ್ಕೆ ಎರಡು ಜಾಗ ಇರುವಾಗ ಯಾವುದನ್ನು ಆರಿಸಬೇಕೆಂದು ಹೇಳುವುದು ಹಿಂದೆ ಮುಂದೆ ಬರುವ ಸಂಚಾರ.

ಕಮಾನಿನ ಕೆಲಸ

ಎಡಗೈ ಮಾಡಿದ್ದನ್ನು ಕಮಾನು ಕೆಡಿಸಬಲ್ಲದು. ತೂಗಾಟದ ನಡುವೆ ಕಮಾನು ದಿಕ್ಕು ಬದಲಿಸಿದರೆ ಒಂದು ಗಾಂಧಾರ ಎರಡು ಸ್ವರವಾಗಿ ಒಡೆದು ಕೇಳುತ್ತದೆ. ಆದ್ದರಿಂದ ಒಂದು ಗಮಕ ಒಂದೇ ಎಳೆತದೊಳಗೆ ಮುಗಿಯಬೇಕೆಂಬುದು ಮೊದಲ ಪಾಠ. ಸರಳೆ ವರಸೆಯಿಂದಲೇ ಇದಕ್ಕೆ ತಯಾರಿ ಶುರುವಾಗುತ್ತದೆ. ಮೊದಲ ಕಾಲದಲ್ಲಿ ಎಳೆತಕ್ಕೊಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಬೆರಳುಗಳ ವೇಗ ಇಮ್ಮಡಿಯಾದರೂ ಕಮಾನಿನ ನಡೆ ಮೊದಲಿದ್ದಂತೆಯೇ ಇರುತ್ತದೆ.

ಎರಡನೆಯ ಪಾಠ ಭಾರದ್ದು. ಪಂಚಮದಿಂದ ತಾರಷಡ್ಜಕ್ಕೆ ಜಾರು ತೆಗೆಯುವಾಗ ಕಮಾನಿನ ಒತ್ತಡ ಪೂರ್ತಿ ಒಂದೇ ಆಗಿದ್ದರೆ ನಡುದಾರಿಯ ಎಲ್ಲ ಸ್ವರಸ್ಥಾನಗಳೂ ಗಟ್ಟಿಯಾಗಿ ಕೇಳಿ, ಕಾರ್ಖಾನೆಯ ಸೈರನ್ ಊದಿದ ಹಾಗಾಗುತ್ತದೆ. ಹೊರಡುವಾಗ ಭಾರ ಇರಲಿ, ದಾರಿಯಲ್ಲಿ ಹಗುರಾಗಲಿ, ಷಡ್ಜ ಸೇರಿದ ಮೇಲೆ ಮತ್ತೆ ತುಂಬಿಕೊಳ್ಳಲಿ ಎಂದು ಮೇಷ್ಟರುಗಳು ತಿದ್ದುತ್ತಾರೆ. ಪಿಟೀಲು ಕಲಿಯುವವರಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇದು. ಶ್ರುತಿದೋಷಕ್ಕಿಂತ ಇದನ್ನು ಕಳೆದುಕೊಳ್ಳಲು ಹೆಚ್ಚು ಕಾಲ ಬೇಕು.

ಮೂರನೆಯದು ಸಾಹಿತ್ಯ. ಗಾಯಕರಿಗೆ ಅಕ್ಷರಗಳಿವೆ, ಪಿಟೀಲಿಗೆ ಇಲ್ಲ. ಕೃತಿಯ ಒಂದು ಸಾಲನ್ನು ಹಿಡಿದು ನೆರವಲ್ ಮಾಡುವಾಗ ಗಾಯಕನ ಸರದಿ ಮುಗಿದು ಪಿಟೀಲಿನ ಸರದಿ ಬರುತ್ತದೆ. ಆಗ ಆ ಸಾಲಿನ ಪದಗಳು ಎಲ್ಲಿ ಒಡೆಯುತ್ತವೆ, ಯಾವ ಅಕ್ಷರ ತಾಳದ ಯಾವ ಪೆಟ್ಟಿಗೆ ಬೀಳುತ್ತದೆ ಎಂಬುದು ಕಮಾನಿನ ಎಳೆತದಲ್ಲೇ ಕಾಣಬೇಕು. ವ್ಯಂಜನ ಬಂದಲ್ಲಿ ಹೊಸ ಎಳೆತ ಅಥವಾ ಅದೇ ಎಳೆತದಲ್ಲಿ ಸಣ್ಣದೊಂದು ಒತ್ತು, ಸ್ವರಾಕ್ಷರ ಎಳೆದಲ್ಲಿ ಕಡಿಯದ ನಾದ. ಲಾಲ್ಗುಡಿ ಜಯರಾಮನ್ (1930–2013) ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದರು. ಅವರ ಕಮಾನಿನಲ್ಲಿ ಕೃತಿ ಗೊತ್ತಿದ್ದವರಿಗೆ ಪದಗಳೇ ಕೇಳುತ್ತಿದ್ದವು. ಬೆಂಗಳೂರಿನಲ್ಲಿ ಹುಟ್ಟಿ ಆಂಧ್ರದಲ್ಲಿ ನೆಲೆಸಿದ ದ್ವಾರಂ ವೆಂಕಟಸ್ವಾಮಿ ನಾಯುಡು (1893–1964) ಅವರ ಹೆಸರು ನಿಂತಿರುವುದು ಉದ್ದನೆಯ ಕಮಾನು ಮತ್ತು ನಾದದ ಶುಭ್ರತೆಯ ಮೇಲೆ. ಪರೂರು ಸುಂದರಮಯ್ಯರ್ ಅವರ ಮಗ ಎಂ.ಎಸ್. ಗೋಪಾಲಕೃಷ್ಣನ್ (1931–2013) ಒಂದೇ ಬೆರಳಿನಲ್ಲಿ ತಂತಿಯುದ್ದಕ್ಕೂ ಓಡುವ ಸಂಚಾರಗಳಿಂದ ಬೆರಗುಗೊಳಿಸಿದರು. ಮೂವರ ಕೈಯಲ್ಲಿದ್ದದ್ದು ಒಂದೇ ವಾದ್ಯ, ಆದರೆ ತೋಡಿಗೆ ಅವರು ಹಿಡಿದ ದಾರಿಗಳು ಬೇರೆ ಬೇರೆ.

ಪಕ್ಕವಾದ್ಯಕ್ಕೆ ಕೂತಾಗ ಇದೆಲ್ಲ ಇನ್ನೊಬ್ಬರ ಮನೋಧರ್ಮವನ್ನು ಅನುಸರಿಸಿ ನಡೆಯಬೇಕು. ಆಲಾಪನೆಯಲ್ಲಿ ಗಾಯಕ ಮುಂದೆ ಏನು ಹಾಡುತ್ತಾನೆಂದು ಯಾರಿಗೂ ಗೊತ್ತಿಲ್ಲ. ಪಿಟೀಲು ಕೂದಲೆಳೆಯಷ್ಟು ಹಿಂದೆ ನಡೆಯುತ್ತದೆ, ದನಿ ನಿಂತಲ್ಲಿ ಆ ಸ್ವರವನ್ನು ಹಿಡಿದಿಡುತ್ತದೆ, ಗಾಯಕ ಮತ್ತೆ ಹೊರಟಾಗ ತಗ್ಗುತ್ತದೆ. ಗಾಯಕನ ಗಮಕ ದೊಡ್ಡದಾಗಿದ್ದು ಪಿಟೀಲಿನದು ಚಿಕ್ಕದಾದರೆ, ಎರಡೂ ಶ್ರುತಿಶುದ್ಧವಾಗಿದ್ದರೂ ಕೇಳಲು ಕಸಿವಿಸಿಯಾಗುತ್ತದೆ. ಗಾಯಕ ಇನ್ನೂ ಮುಗಿಸದ ಸಂಚಾರವನ್ನು ಊಹಿಸಿ ಮೊದಲೇ ಮುಗಿಸಿಬಿಡುವುದು ಜಾಣತನದಂತೆ ಕಂಡರೂ ಕಚೇರಿಧರ್ಮಕ್ಕೆ ದೊಡ್ಡ ಅಪಚಾರ.

ಪಿಟೀಲಿಗೆ ಒಂದು ಕೊರತೆ ಮಾತ್ರ ಬಹುಕಾಲ ಉಳಿದಿತ್ತು, ದನಿಯ ಗಾತ್ರ. ಶ್ರುತಿ ಇಳಿಸಿದ ತಂತಿಗಳ ನಾದ ಮೊದಲೇ ಮೆದು. ಧ್ವನಿವರ್ಧಕವಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ಗಾಯಕ ಮತ್ತು ಮೃದಂಗದ ನಡುವೆ ಅದು ಹಿಂದಿನ ಸಾಲುಗಳಿಗೆ ತಲುಪುತ್ತಿರಲಿಲ್ಲ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಈ ಕೊರತೆಗೆ ವಾದ್ಯವನ್ನೇ ಬದಲಿಸುವ ಉತ್ತರ ಕಂಡುಕೊಂಡರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಜೋಡಿ ತಂತಿ ಒಟ್ಟಿಗೆ ನುಡಿಯುವುದರಿಂದ ನಾದ ತುಂಬಿಕೊಂಡು ದೂರ ಹೋಗುತ್ತಿತ್ತು. ಆದರೆ ಒಂದೇ ಬೆರಳಿನ ಕೆಳಗೆ ಎರಡು ತಂತಿಗಳನ್ನು ಒತ್ತಿ ಗಮಕ ತೆಗೆಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಎರಡರಲ್ಲಿ ಒಂದು ತುಸು ಶ್ರುತಿ ತಪ್ಪಿದರೂ ಇಡೀ ತೂಗಾಟ ಕೆಡುತ್ತದೆ. ಚೌಡಯ್ಯನವರ ಬಲಿಷ್ಠ ಕಮಾನು ಅದನ್ನು ಸಾಧಿಸಿತು, 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿಯೂ ಅವರಿಗೆ ಬಂತು. ಬೆಂಗಳೂರಿನ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಯ ಪರಂಪರೆಯನ್ನು ತಮ್ಮ ಕೊನೆಗಾಲದವರೆಗೂ ಮುಂದುವರಿಸಿದರು.

ಮೈಕು ಬಂದ ಮೇಲೆ ದನಿ ದೊಡ್ಡದು ಮಾಡುವ ಅಗತ್ಯ ಉಳಿಯಲಿಲ್ಲ. ಈಗ ಕಚೇರಿಗಳಲ್ಲಿ ಕಾಣುವುದು ಬಹುಪಾಲು ಹಳೆಯ ನಾಲ್ಕು ತಂತಿಯ ಪಿಟೀಲೇ.